ಮೂರು ಕಿವಿಗಳಿಗೆ ಒಂದು ಹೆಸರು

ಹೊಸೂರಿನ ನಮ್ಮ ಮನೆಯಲ್ಲಿ ರಾಗಿಯ ಹುರಿಹಿಟ್ಟು ಮಾಡುವುದು ತಲೆಮಾರುಗಳ ರೂಢಿ. ನೀರು ಹಾಯಿಸಿ ಹದಗೊಳಿಸಿದ ರಾಗಿಯನ್ನು ಕಾದ ಮರಳಿನಲ್ಲಿ ಅರಳಿಸಿ, ಜರಡಿ ಹಿಡಿದು, ಬೀಸಿಸುತ್ತೇವೆ. ಅದನ್ನು ಪೊಟ್ಟಣ ಕಟ್ಟಿ ಮಾರಬೇಕೆಂದು ನಿಶ್ಚಯಿಸಿದಾಗ ಹೆಸರಿಗಾಗಿ ನಾವು ಹೆಚ್ಚು ಹುಡುಕಲಿಲ್ಲ. ಅರಳಿದ ರಾಗಿಯನ್ನೂ ಊರಕಟ್ಟೆಯ ಅರಳಿಮರವನ್ನೂ ಒಟ್ಟಿಗೆ ನೆನಪಿಸುವ ‘ಅರಳಿ’ ಎಂಬ ಹೆಸರು ಎಲ್ಲರಿಗೂ ಒಪ್ಪಿಗೆಯಾಯಿತು. ಕನ್ನಡ, ತಮಿಳು, ಇಂಗ್ಲಿಷ್ ಅಕ್ಷರಗಳಲ್ಲಿ ಸಾವಿರ ಚೀಟಿಗಳನ್ನು ಅಚ್ಚು ಹಾಕಿಸಿದೆವು.

ಮೊದಲ ಪೊಟ್ಟಣವನ್ನು ನೆರೆಮನೆಯ ಅಕ್ಕನವರಿಗೆ ಕೊಟ್ಟೆವು. ಅವರ ಮನೆಮಾತು ತಮಿಳು. ಚೀಟಿಯನ್ನು ಓದಿ ಒಂದು ಕ್ಷಣ ಸುಮ್ಮನಾದರು. “ಏನಮ್ಮಾ, ಮಕ್ಕಳು ತಿನ್ನುವ ಹಿಟ್ಟಿಗೆ ಅರಳಿ ಎಂದು ಹೆಸರಿಡುವುದೇ?” ಎಂದರು. ಆಗ ನಮಗೆ ಹೊಳೆಯಿತು. ತಮಿಳಿನಲ್ಲಿ ಅರಳಿ ಎಂದರೆ ನಮ್ಮ ಕಣಗಿಲೆ. ಅದರ ಹೂವು ದೇವರ ಮಾಲೆಗೆ ಸಲ್ಲುತ್ತದೆ, ಆದರೆ ಗಿಡವೆಲ್ಲ ವಿಷ. ಅರಳಿಬೀಜವೆಂದರೆ ತಮಿಳರ ಮನಸ್ಸಿಗೆ ಮೊದಲು ಬರುವುದು ಸಾವಿನ ಸುದ್ದಿ. ನಮ್ಮ ಅರಳಿಮರವನ್ನು ಅವರು ಅರಸಮರವೆನ್ನುತ್ತಾರೆ.

ಈ ಎರಡೂ ಅರ್ಥಗಳು ನಮಗೆ ತಿಳಿಯದವೇನಲ್ಲ. ಹುಟ್ಟಿದಂದಿನಿಂದ ಎರಡೂ ಭಾಷೆಗಳ ನಡುವೆ ಬೆಳೆದವರು ನಾವು. ಆದರೆ ಕನ್ನಡದಲ್ಲಿ ಯೋಚಿಸುವಾಗ ತಮಿಳಿನ ಅರ್ಥವು ಬಾಗಿಲಾಚೆ ಉಳಿದುಬಿಡುತ್ತದೆ. ಬಹುಭಾಷಿಕರಿಗೆ ತಮ್ಮ ಹೆಸರನ್ನು ತಾವೇ ಪರೀಕ್ಷಿಸುವುದು ಕಷ್ಟವೆಂಬುದನ್ನು ನಾವು ಅಂದು ಕಲಿತೆವು.

ಎರಡನೆಯ ಸಲ ‘ಘಮ’ ಎಂಬ ಹೆಸರನ್ನು ಆಯ್ದೆವು. ತಮಿಳಿನಲ್ಲಿಯೂ ‘ಕಮಕಮ’ ಎಂದರೆ ಪರಿಮಳವೇ ಆದ್ದರಿಂದ ನಿಶ್ಚಿಂತರಾಗಿದ್ದೆವು. ಆದರೆ ಹೊಸೂರಿನ ಕಾರ್ಖಾನೆಗಳಲ್ಲಿ ಉತ್ತರದಿಂದ ಬಂದು ದುಡಿಯುವವರು ಬಹಳ. ಅವರೂ ನಮ್ಮ ಗಿರಾಕಿಗಳೇ. ಹಿಂದಿಯವರು ಪದದ ಕೊನೆಯ ಅಕಾರವನ್ನು ನುಡಿಯುವುದಿಲ್ಲ. ‘ಘಮ’ ಎಂಬುದು ಅವರ ನಾಲಗೆಯಲ್ಲಿ ‘ಘಮ್’ ಆಗಿ, ‘ಗಮ್’ ಎಂಬಂತೆ ಕೇಳುತ್ತದೆ. ಗಮ್ ಎಂದರೆ ದುಃಖ! ದುಃಖವನ್ನು ಕಾಲು ಕಿಲೋ ತೂಗಿ ಮಾರುವ ಬಗೆಯೆಂತು?

ಇಂಗ್ಲಿಷ್ ಹೆಸರೊಂದನ್ನಿಟ್ಟರೆ ಈ ತೊಡಕಿಲ್ಲವೆಂದು ಅಚ್ಚಿನವರು ಸಲಹೆಯಿತ್ತರು. ಗಡಿಯಾಚೆ ಬಾಳುವ ನಮಗೆ ಅಂಗಡಿಯ ಸಾಲಿನಲ್ಲಿ ಒಂದು ಕನ್ನಡದ ಪದವಾದರೂ ನಿಲ್ಲಲಿ ಎಂಬ ಆಸೆಯಿತ್ತು. ಆದ್ದರಿಂದ ಪದಕ್ಕಿಂತ ಮೊದಲು ಧ್ವನಿಗಳನ್ನು ಆರಿಸಿದೆವು. ತಮಿಳು ಲಿಪಿಯಲ್ಲಿ ಕ, ಖ, ಗ, ಘಗಳಿಗೆ ಒಂದೇ ಅಕ್ಷರ. ಚ, ಟ, ತ, ಪ ವರ್ಗಗಳಿಗೂ ಹೆಚ್ಚುಕಡಿಮೆ ಹಾಗೆಯೇ. ಹಿಂದಿಯ ಬರವಣಿಗೆಯಲ್ಲಿ ಹ್ರಸ್ವ ಎ, ಒಗಳಿಗೆ ಬೇರೆ ಗುರುತಿಲ್ಲ, ಳಕಾರದ ಬಳಕೆಯಿಲ್ಲ. ನ, ಮ, ಯ, ರ, ಲ, ವ ಮತ್ತು ದೀರ್ಘಸ್ವರಗಳು ಮಾತ್ರ ಮೂರೂ ಕಡೆ ಹೆಚ್ಚು ಕೆಡದೆ ಉಳಿಯುತ್ತವೆ. ಎರಡು ಸ್ವರಗಳ ನಡುವಿನ ತಮಿಳು ಚಕಾರವು ಸಕಾರದಂತೆ ನುಡಿಯುವುದರಿಂದ ಅದಕ್ಕೂ ಎಡೆಯುಂಟು.

ಹೀಗೆ ಜರಡಿ ಹಿಡಿದಾಗ ಉಳಿದದ್ದು ‘ನೇಸರ’. ಕನ್ನಡದಲ್ಲಿ ಸೂರ್ಯ. ತಮಿಳಿನ ಕಿವಿಗೆ ‘ನೇಸರ್’, ಎಂದರೆ ಪ್ರಿಯರಾದವರು. ಹಿಂದಿಯಲ್ಲಿ ಅರ್ಥವಿಲ್ಲ, ಕೊನೆಯ ಅಕಾರ ಬಿದ್ದರೂ ಕೆಡುಕಿಲ್ಲ.

ಈ ಸಲ ಅಚ್ಚಿಗೆ ಕೊಡುವ ಮುನ್ನ ಕೈಬರಹದ ಚೀಟಿಯೊಂದನ್ನು ಹಿಡಿದು, ಒಂದೊಂದು ಭಾಷೆಯ ಹತ್ತು ಮಂದಿಯ ಬಳಿಗೆ ಹೋದೆವು. ಅರ್ಥವನ್ನು ನಾವು ಹೇಳಲಿಲ್ಲ. ಗಟ್ಟಿಯಾಗಿ ಓದಿಸಿದೆವು, ಮೊದಲು ಏನು ನೆನಪಾಯಿತೆಂದು ಕೇಳಿದೆವು. ಮತ್ತೆ ಕೆಲವರಿಗೆ ದೂರವಾಣಿಯಲ್ಲಿ ಹೇಳಿ ಬರೆಯಿಸಿದೆವು. ‘ಚೆನ್ನಾಗಿದೆಯೇ?’ ಎಂದು ಮಾತ್ರ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ದಾಕ್ಷಿಣ್ಯಕ್ಕೆ ಹೌದೆನ್ನುತ್ತಾರೆ. ಬಿಹಾರದ ಹುಡುಗನೊಬ್ಬ, “ಇದರಲ್ಲಿ ಕೇಸರಿ ಇದೆಯೇ?” ಎಂದು ಕೇಳಿದ. ‘ಕೇಸರ್’ ಎಂಬುದರೊಡನೆ ಪ್ರಾಸ ಕೂಡಿದ್ದೇ ಕಾರಣ. ಇಲ್ಲದ ವಸ್ತುವನ್ನು ನಂಬಿ ಕೊಳ್ಳುವಂತಾಗಬಾರದೆಂದು ಹೆಸರಿನ ಕೆಳಗೆ ‘ರಾಗಿ ಹುರಿಹಿಟ್ಟು’ ಎಂದು ದೊಡ್ಡಕ್ಷರಗಳಲ್ಲಿ ಬರೆಸಿ, ರಾಗಿತೆನೆಯ ಚಿತ್ರ ಹಾಕಿಸಿದೆವು.

ಅರ್ಥ ಒಳ್ಳೆಯದಾದ ಮಾತ್ರಕ್ಕೆ ಹೆಸರು ನಮ್ಮದಾಗುವುದಿಲ್ಲ. ಹಿಟ್ಟು ಸೇರುವುದು ವ್ಯಾಪಾರಮುದ್ರೆಗಳ 30ನೆಯ ವರ್ಗಕ್ಕೆ. ನೋಂದಣಿ ಕಚೇರಿಯ ಜಾಲತಾಣದಲ್ಲಿ ಅಕ್ಷರದಿಂದಷ್ಟೇ ಅಲ್ಲದೆ ಉಚ್ಚಾರದ ಹೋಲಿಕೆಯಿಂದಲೂ ಹುಡುಕಬಹುದು. ಎರಡನ್ನೂ ನೋಡಿಯೇ ಅರ್ಜಿ ಹಾಕಿದೆವು. ಅದು ಇನ್ನೂ ಪರಿಶೀಲನೆಯಲ್ಲಿದೆ.

‘ಅರಳಿ’ಯ ಚೀಟಿಗಳನ್ನು ನಾವು ಎಸೆಯಲಿಲ್ಲ. ಅವುಗಳ ಬೆನ್ನ ಮೇಲೆ ಅಮ್ಮ ದಿನದ ಲೆಕ್ಕ ಬರೆಯುತ್ತಾರೆ. ನೆರೆಯ ಅಕ್ಕ ಹಿಟ್ಟು ಕೊಂಡುಹೋದ ದಿನ ಆ ಲೆಕ್ಕದಲ್ಲಿ ಅವರ ಹೆಸರಿನ ಮುಂದೆ ಹಣವನ್ನು ಮಾತ್ರ ಬರೆಯುವುದಿಲ್ಲ.