ಯಾಕೆ 7 ಗಂಟೆಗೇ?

ದಿನವೂ ನಿನ್ನೆಯ ಮಾರಾಟದ ರಿಪೋರ್ಟ್ ಕಳಿಸುವ ಸ್ಕ್ರಿಪ್ಟನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ ಅದು ಏನು ಮಾಡುತ್ತದೆ ಅಂತ ಪುಟಗಟ್ಟಲೆ ಬರೆಯಬೇಕಿಲ್ಲ, ಅದು ಕೋಡ್‌ನಲ್ಲೇ ಇದೆ. ಯಾಕೆ ಹಾಗಿದೆ ಅನ್ನುವುದನ್ನು ಬರೆಯಿರಿ. ಉದಾಹರಣೆಗೆ, ಕ್ರಾನ್‌ನ ಈ ಸಾಲು:

```
30 1 * * *
```

ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದರೆ ಇದು ನಮ್ಮ ಬೆಳಿಗ್ಗೆ 7 ಗಂಟೆ. ಸಾಹೇಬರು 5ಕ್ಕೇ ಬೇಕೆಂದರೆ ಹೊಸಬರು `30 23` ಅಂತ ಬದಲಿಸುತ್ತಾರೆ. ಆ ಹೊತ್ತಿಗೆ ಸರ್ವರ್‌ಗೆ ಇನ್ನೂ ಹಿಂದಿನ ದಿನವೇ. ಅದು ‘ನಿನ್ನೆ’ ಅಂತ ತೆಗೆಯುವುದು ನಮ್ಮ ಮೊನ್ನೆಯ ಮಾರಾಟ. ಎರರ್ ಇಲ್ಲ, ಮೇಲ್ ಹೊತ್ತಿಗೆ ಸರಿಯಾಗಿ ಹೋಗುತ್ತದೆ, ಅಂಕಿಗಳೂ ನಂಬುವಂತೆಯೇ ಇರುತ್ತವೆ. ಗೊತ್ತಾಗುವುದು ಸೋಮವಾರ, ಭಾನುವಾರ ಬಾಗಿಲು ಹಾಕಿದ್ದ ಅಂಗಡಿಗೂ ಭರ್ಜರಿ ವ್ಯಾಪಾರ ಕಂಡಾಗ.

ನೋಟ್‌ನಲ್ಲಿ ಇಷ್ಟಿರಲಿ: ಬೆಳಿಗ್ಗೆ 5:30ಕ್ಕಿಂತ ಮೊದಲು ಓಡಿಸಬೇಡಿ, ಓಡಿಸಲೇಬೇಕಾದರೆ ಮೊದಲು ದಿನಾಂಕವನ್ನು `Asia/Kolkata` ಪ್ರಕಾರ ಲೆಕ್ಕ ಹಾಕಿಸಿ.