ರಾಮಾಚಾರಿ ಬಿದ್ದನೋ, ಬೀಳುತ್ತಾನೋ?

ಕತೆ ಹೇಳುವುದಕ್ಕೆ ನಮ್ಮ ಸೀಮೆಯಲ್ಲಿ ಎರಡು ಪದ್ಧತಿಗಳುಂಟು. ಒಂದು ಅಜ್ಜಿಯರದು. ಅಜ್ಜಿಯ ಕತೆಯಲ್ಲಿ ಒಬ್ಬ ರಾಜ ಇದ್ದ, ಅವನಿಗೆ ಮಕ್ಕಳಿರಲಿಲ್ಲ, ಅವನು ಕಾಡಿಗೆ ಹೋದ. ಎಲ್ಲವೂ ನಡೆದು ಮುಗಿದ ಮಾತು. ಇನ್ನೊಂದು, ಸಿನಿಮಾ ನೋಡಿಬಂದ ಹುಡುಗರದು. ಅವರ ಬಾಯಲ್ಲಿ ನಾಯಕ ಬರ್ತಾನೆ, ಬಾಗಿಲು ಒದೀತಾನೆ, ಖಳನಾಯಕ ಓಡ್ತಾನೆ. ಎಲ್ಲವೂ ಈಗ, ಕಣ್ಣೆದುರಿನಲ್ಲೇ! ಅಜ್ಜಿಗೆ ಭೂತಕಾಲವನ್ನು ಯಾರೂ ಕಲಿಸಲಿಲ್ಲ. ಹುಡುಗರಿಗೆ ವರ್ತಮಾನಕಾಲವನ್ನೂ ಯಾರೂ ಕಲಿಸಲಿಲ್ಲ. ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಒಮ್ಮೆಯೂ ಎಡವುವುದಿಲ್ಲ. ಎಡವುವುದು ಕೈಗೆ ಲೇಖನಿ ಬಂದಾಗ, ಅದರಲ್ಲೂ ಶಾಲೆಯಲ್ಲಿ 'ಕಥಾಸಾರಾಂಶ' ಬರೆಯಲು ಕುಳಿತಾಗ.

ಇದು ನನಗೆ ಸ್ಪಷ್ಟವಾದದ್ದು ಕಳೆದ ದಸರೆಯ ರಜೆಯಲ್ಲಿ, ಹೊಳಲ್ಕೆರೆಯ ಸೋದರಮಾವನ ಮನೆಯಲ್ಲಿ. ಹಬ್ಬಕ್ಕೆಂದು ಹಿರಿಯೂರಿನಿಂದ ಒಬ್ಬ ಹುಡುಗ, ಹೊಸದುರ್ಗದಿಂದ ಒಬ್ಬಳು ಹುಡುಗಿ ಬಂದಿದ್ದರು. ಮಾವನ ಮಗನಂತೂ ಅಲ್ಲಿಯೇ ಇದ್ದ. ಮೂವರೂ ಹೈಸ್ಕೂಲಿನವರು. ಮೂವರಿಗೂ ಹೆಚ್ಚುಕಡಿಮೆ ಒಂದೇ ಅಭ್ಯಾಸ: ಓದಿದ ಕಾದಂಬರಿಯ ಅಥವಾ ನೋಡಿದ ಚಲನಚಿತ್ರದ ಕತೆಯನ್ನು ವರ್ತಮಾನಕಾಲದಲ್ಲಿ ಸಂಗ್ರಹಿಸಿ ಬರೆಯುವುದು. ಚಿತ್ರದುರ್ಗ ಜಿಲ್ಲೆಯ ಮಕ್ಕಳು ಆರಿಸಿಕೊಂಡ ಕತೆ ಯಾವುದೆಂದು ಹೇಳಬೇಕಾಗಿಲ್ಲ. ತ. ರಾ. ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ, 1972ರ 'ನಾಗರಹಾವು'. "ಅಣ್ಣಾ, ಒಂದಿಷ್ಟು ನೋಡಿಕೊಡು" ಎಂದು ಮೂರು ನೋಟುಬುಕ್ಕುಗಳು ನನ್ನ ಮುಂದೆ ಬಂದುವು.

ಹಿರಿಯೂರಿನ ಹುಡುಗನ ಬರಹ ಹೀಗಿತ್ತು: "ರಾಮಾಚಾರಿ ಮುಂಗೋಪಿ. ಪ್ರಿನ್ಸಿಪಾಲರು ಅವನನ್ನು ನಕಲು ಮಾಡುವಾಗ ಹಿಡಿಯುತ್ತಾರೆ. ಅವನು ರಾತ್ರಿ ಅವರ ಮನೆಗೆ ಕಲ್ಲು ಹೊಡೆದು ಅವರನ್ನು ಕಂಬಕ್ಕೆ ಕಟ್ಟಿಬಿಟ್ಟ. ಚಿಕ್ಕಂದಿನಲ್ಲಿ ಪಾಠ ಹೇಳಿದ ಚಾಮಯ್ಯ ಮೇಷ್ಟರೆಂದರೆ ಅವನಿಗೆ ಪ್ರಾಣ. ಅವನು ಅಲಮೇಲುವನ್ನು ಪ್ರೀತಿಸಿದ. ಮೇಷ್ಟರು ಅದಕ್ಕೆ ಒಪ್ಪಲಿಲ್ಲ. ಅಲಮೇಲುವಿಗೆ ಬೇರೆ ಕಡೆ ಮದುವೆಯಾಗುತ್ತದೆ."

ಓದುವಾಗ ಏನೋ ಕುಂಟಿದಂತೆ ಅನ್ನಿಸುತ್ತದೆ, ಆದರೆ ಎಲ್ಲಿ ಎಂದು ಥಟ್ಟನೆ ತಿಳಿಯುವುದಿಲ್ಲ. ಕನ್ನಡವಾದರೋ ಈ ವಿಷಯದಲ್ಲಿ ನಮಗೊಂದು ದೊಡ್ಡ ಉಪಕಾರ ಮಾಡಿದೆ: ಪೂರ್ಣ ಕ್ರಿಯಾಪದವನ್ನು ಸಾಮಾನ್ಯವಾಗಿ ವಾಕ್ಯದ ಬಾಲದಲ್ಲಿ ಇಟ್ಟಿದೆ. ಆದ್ದರಿಂದ ನಾನು ಹುಡುಗನಿಗೆ ಹೇಳಿದೆ: "ಪ್ರತಿ ವಾಕ್ಯದ ಕೊನೆಯ ಮಾತಿಗೆ ಮಾತ್ರ ಗೆರೆ ಎಳೆ. ಆ ಮಾತುಗಳನ್ನಷ್ಟೇ ಗಟ್ಟಿಯಾಗಿ ಓದು." ಅವನು ಓದಿದ: ಮುಂಗೋಪಿ, ಹಿಡಿಯುತ್ತಾರೆ, ಕಟ್ಟಿಬಿಟ್ಟ, ಪ್ರಾಣ, ಪ್ರೀತಿಸಿದ, ಒಪ್ಪಲಿಲ್ಲ, ಮದುವೆಯಾಗುತ್ತದೆ. ಓದುತ್ತಿದ್ದಂತೆ ತಾನೇ ನಕ್ಕ. 'ಕಟ್ಟಿಬಿಟ್ಟ', 'ಪ್ರೀತಿಸಿದ' ಎರಡನ್ನೂ ಹಿಡಿದು 'ಕಟ್ಟಿಬಿಡುತ್ತಾನೆ', 'ಪ್ರೀತಿಸುತ್ತಾನೆ' ಎಂದು ತಿದ್ದಿದ. 'ಮುಂಗೋಪಿ', 'ಪ್ರಾಣ' ಎಂಬಲ್ಲಿ ಕ್ರಿಯಾಪದವೇ ಇಲ್ಲ. ಅವು ಯಾವ ಕಾಲದ ತಂಟೆಗೂ ಹೋಗುವುದಿಲ್ಲ.

ಆದರೆ 'ಒಪ್ಪಲಿಲ್ಲ' ಹಾಗೆಯೇ ಉಳಿಯಿತು. ಇದೇ ಮನೆಯೊಳಗಿನ ಕಳ್ಳ. 'ಇಲ್ಲ' ಎಂಬುದು ಕೇಳುವುದಕ್ಕೆ ವರ್ತಮಾನದಂತೆಯೇ ಇದೆ. 'ಮನೆಯಲ್ಲಿ ಅಕ್ಕಿ ಇಲ್ಲ' ಎಂದರೆ ಈಗ ಇಲ್ಲವೆಂದೇ ಅರ್ಥ. ಆ ಧೈರ್ಯದಿಂದ ನಾವು 'ಒಪ್ಪಲಿಲ್ಲ', 'ಬರಲಿಲ್ಲ', 'ಕೇಳಲಿಲ್ಲ' ಎಂದು ಬರೆದುಬಿಡುತ್ತೇವೆ. ಅವೆಲ್ಲ ಭೂತಕಾಲದ ನಿಷೇಧಗಳು. ಸಾರಾಂಶದಲ್ಲಿ ಬರಬೇಕಾದದ್ದು 'ಒಪ್ಪುವುದಿಲ್ಲ', 'ಬರುವುದಿಲ್ಲ', 'ಕೇಳುವುದಿಲ್ಲ'. ಮೂರೂ ನೋಟುಬುಕ್ಕುಗಳಲ್ಲಿ ತಿದ್ದದೆ ಉಳಿದ ಜಾರುವಿಕೆಗಳಲ್ಲಿ ಹೆಚ್ಚಿನವು ಈ ಜಾತಿಯವೇ ಆಗಿದ್ದುವು.

ಹೊಸದುರ್ಗದ ಹುಡುಗಿಯದು ಇದಕ್ಕೆ ವಿರುದ್ಧವಾದ ತೊಂದರೆ. ಆಕೆ ಬಹಳ ಶಿಸ್ತಿನವಳು. ವರ್ತಮಾನಕಾಲ ಎಂದಮೇಲೆ ಭೂತದ ನೆರಳೂ ಬೀಳಕೂಡದೆಂದು 'ಚಿಕ್ಕಂದಿನಲ್ಲಿ ಪಾಠ ಹೇಳುವ ಚಾಮಯ್ಯ ಮೇಷ್ಟರು' ಎಂದು ಬರೆದಿದ್ದಳು. ರಾಮಾಚಾರಿ ಈಗ ಕಾಲೇಜಿನ ಹುಡುಗ. ಪಾಠ ನಡೆದದ್ದು ಹಿಂದೆ. ಕತೆಯ 'ಈಗ'ಕ್ಕಿಂತ ಹಿಂದೆ ನಡೆದದ್ದನ್ನು ಹಿಂದಿನದೆಂದೇ ಹೇಳಬೇಕು. 'ಪಾಠ ಹೇಳಿದ ಮೇಷ್ಟರು' ಎನ್ನುವುದರಲ್ಲಿ ತಪ್ಪೇನೂ ಇಲ್ಲ. ಹಾಗೆಯೇ 'ಕಲ್ಲು ಹೊಡೆದು', 'ಮೇಷ್ಟರು ಬಂದಾಗ', 'ಕೋಪ ಇಳಿದ ಮೇಲೆ' ಎಂಬಂಥ ಅಪೂರ್ಣ ಕ್ರಿಯೆಗಳು ನೋಡುವುದಕ್ಕೆ ಭೂತದಂತಿದ್ದರೂ ಒಂದು ಕೆಲಸ ಇನ್ನೊಂದಕ್ಕಿಂತ ಮುಂಚೆ ಆಯಿತೆಂದು ಮಾತ್ರ ತಿಳಿಸುತ್ತವೆ. ವಾಕ್ಯದ ಕಾಲವನ್ನು ನಿರ್ಣಯಿಸುವುದು ಕೊನೆಯ ಪೂರ್ಣ ಕ್ರಿಯೆ. ನಡುವಿನವನ್ನು ಬೆದರಿಸಿ ಬದಲಿಸಹೋದರೆ ಅರ್ಥವೇ ಕೆಡುತ್ತದೆ.

ಹಿಂದಿನ ಸಂಗತಿಯನ್ನು ಪೂರ್ತಿ ವಾಕ್ಯದಲ್ಲೇ ಹೇಳಬೇಕಾದರೆ? ಆಗ ಎರಡು ರೂಪಗಳು ಎದುರು ನಿಲ್ಲುತ್ತವೆ: 'ಮೇಷ್ಟರು ಅವನಿಗೆ ಪಾಠ ಹೇಳಿದ್ದರು' ಮತ್ತು 'ಮೇಷ್ಟರು ಅವನಿಗೆ ಪಾಠ ಹೇಳಿದ್ದಾರೆ'. ಎರಡರಲ್ಲೂ ಕೆಲಸ ಮುಗಿದಿದೆ. ಆದರೆ 'ಹೇಳಿದ್ದರು' ಎಂದೊಡನೆ ಹೇಳುವವನೂ ಹಿಂದಕ್ಕೆ ಸರಿದು ನಿಲ್ಲುತ್ತಾನೆ. ಮುಂದಿನ ವಾಕ್ಯ ತಾನಾಗಿ 'ಅವನು ಅವರನ್ನು ಗೌರವಿಸುತ್ತಿದ್ದ' ಎಂದು ಇಳಿಜಾರಿನಲ್ಲಿ ಉರುಳುತ್ತದೆ, ಮತ್ತೆ ಮೇಲೇರುವುದು ಕಷ್ಟ. 'ಹೇಳಿದ್ದಾರೆ' ಎಂಬುದರ ಒಂದು ಕಾಲು ಈಗಿನಲ್ಲೇ ಊರಿದೆ; ಅದರ ಬೆನ್ನಿಗೆ 'ಅವನು ಅವರನ್ನು ಗೌರವಿಸುತ್ತಾನೆ' ಎಂಬುದು ಸರಾಗವಾಗಿ ಬರುತ್ತದೆ. ಸಾರಾಂಶ ಬರೆಯುವವರು ಹಿನ್ನೆಲೆಯ ವಾಕ್ಯಗಳಿಗೆ ಈ ಎರಡನೆಯ ರೂಪವನ್ನೇ ಹಿಡಿದರೆ ಅರ್ಧ ತೊಂದರೆ ತಪ್ಪಿತು.

ಇನ್ನು ಮಾವನ ಮಗನ ನೋಟುಬುಕ್ಕು. ಅವನು ಓಬವ್ವನ ಪ್ರಸಂಗವನ್ನು ಬಿಡಲಾರದೆ ಸೇರಿಸಿದ್ದ. ಚಿತ್ರದಲ್ಲಿ ಅದು ಹಾಡಾಗಿ ಬರುತ್ತದೆ, ಜಯಂತಿಯವರು ಓಬವ್ವನಾಗಿದ್ದಾರೆ. ಅವನ ಬರಹ: "ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಾರೆ. ಓಬವ್ವ ಒನಕೆಯಿಂದ ಅವರನ್ನು ಹೊಡೆಯುತ್ತಾಳೆ. 1779ರಲ್ಲಿ ಹೈದರಾಲಿ ಕೋಟೆಯನ್ನು ಗೆಲ್ಲುತ್ತಾನೆ. ಪುಟ್ಟಣ್ಣನವರು ಈ ಚಿತ್ರವನ್ನು ದುರ್ಗದಲ್ಲಿ ತೆಗೆಯುತ್ತಾರೆ." ಕೊನೆಯ ಮಾತುಗಳನ್ನಷ್ಟೇ ಓದಿದರೆ ಒಂದೂ ಜಾರಿಲ್ಲ, ನಾಲ್ಕೂ ವರ್ತಮಾನವೇ. ಆದರೂ ಎರಡು ವಾಕ್ಯ ತಪ್ಪು. ಓಬವ್ವ ಒನಕೆ ಎತ್ತುವುದು ತೆರೆಯ ಮೇಲೆ. ಅದಕ್ಕೆ ವರ್ತಮಾನ ಸಲ್ಲುತ್ತದೆ. 1779ರಲ್ಲಿ ಕೋಟೆ ಬಿದ್ದದ್ದು ಇತಿಹಾಸದಲ್ಲಿ. 'ಗೆದ್ದ' ಎಂದೇ ಆಗಬೇಕು. ಪುಟ್ಟಣ್ಣನವರು ಚಿತ್ರ ತೆಗೆದದ್ದೂ ಲೋಕದಲ್ಲಿ ನಡೆದ ಕೆಲಸ, 'ತೆಗೆದರು' ಎಂದಾಗಬೇಕು. ವರ್ತಮಾನ ಸಲ್ಲುವುದು ಕತೆಯ ಒಳಗೆ ಮಾತ್ರ.

ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೇಳುತ್ತಿದ್ದ ಮಾವನಿಗೆ ಇದು ರುಚಿಸಲಿಲ್ಲ. "ಅಲ್ಲಯ್ಯಾ, ನಡೆದದ್ದನ್ನು ನಡೆಯಿತು ಅಂತ ಹೇಳೋದು ಬಿಟ್ಟು ಇದೆಂಥ ಪಜೀತಿ? ಎಲ್ಲಾನೂ 'ಆಯಿತು, ಹೋಯಿತು' ಅಂತ ಬರೆದರೆ ಏನು ಮುಳುಗಿತು?" ಎಂದರು.

ನಾನು ಉತ್ತರ ಹುಡುಕುವ ಮೊದಲೇ ಅವರ ಮಗ ಕೇಳಿದ: "ಅಣ್ಣಾ, ರಾಮಾಚಾರಿ ಬಿದ್ದ ಬಂಡೆ ಓಬವ್ವನ ಕಿಂಡಿಯಿಂದ ಎಷ್ಟು ದೂರ? ಅವನು ಓಬವ್ವನ ಆಮೇಲಿನವನಾ?"

ಮಾವ ಸುಮ್ಮನಾದರು. ಬೇರೆ ಊರಿನ ಹುಡುಗನಾಗಿದ್ದರೆ ಈ ಪ್ರಶ್ನೆ ನಗೆಯಲ್ಲಿ ಮುಗಿಯುತ್ತಿತ್ತು. ನಮ್ಮಲ್ಲಿ ಹಾಗಲ್ಲ. ಒಂದೇ ಬೆಟ್ಟದ ಮೇಲೆ ನಾಯಕರು ಆಳಿದರು, ಒಂದೇ ಬೆಟ್ಟದ ಮೇಲೆ ರಾಮಾಚಾರಿ ಅಲೆಯುತ್ತಾನೆ. ಕಲ್ಲು ಎರಡಕ್ಕೂ ಒಂದೇ. ಬೇಲಿ ಹಾಕಬೇಕಾದದ್ದು ಕ್ರಿಯಾಪದ. 'ಹೈದರಾಲಿ ಕೋಟೆಯನ್ನು ಗೆದ್ದ, ರಾಮಾಚಾರಿ ಬಂಡೆಯಿಂದ ಬಿದ್ದ' ಎಂದು ಒಂದೇ ಉಸಿರಿನಲ್ಲಿ ಬರೆದರೆ ಇಬ್ಬರೂ ಒಂದೇ ಸಾಲಿನ ಚಾರಿತ್ರಿಕ ವ್ಯಕ್ತಿಗಳಾಗುತ್ತಾರೆ. ಹೈದರಾಲಿ ಗೆದ್ದದ್ದು ಒಮ್ಮೆ; ಅದು ಮುಗಿಯಿತು. ರಾಮಾಚಾರಿಯಾದರೋ ಚಿತ್ರ ಓಡಿದಾಗಲೆಲ್ಲ, ಪುಸ್ತಕ ತೆರೆದಾಗಲೆಲ್ಲ ಬೀಳುತ್ತಾನೆ. ತ. ರಾ. ಸು. 1984ರಲ್ಲಿ ತೀರಿಕೊಂಡರು, ಅವರ ಚಾಮಯ್ಯ ಮೇಷ್ಟರು ಇಂದಿಗೂ ಶಿಷ್ಯನನ್ನು ತಡೆಯುತ್ತಾರೆ. 'ದುರ್ಗಾಸ್ತಮಾನ'ದಂಥ ಐತಿಹಾಸಿಕ ಕಾದಂಬರಿಯಲ್ಲಿ ಈ ಬೇಲಿ ಇನ್ನೂ ಅಗತ್ಯ. ಅಲ್ಲಿ 'ಮದಕರಿನಾಯಕ ಹೀಗೆ ಯೋಚಿಸುತ್ತಾನೆ' ಎಂದು ಬರೆದರೆ ಅದು ಕಾದಂಬರಿಕಾರರ ಮದಕರಿ. 'ಯೋಚಿಸಿದ' ಎಂದು ಬರೆದರೆ ಚರಿತ್ರೆಯ ಸಾಕ್ಷಿ ಎಲ್ಲಿ ಎಂದು ಕೇಳಬೇಕಾಗುತ್ತದೆ.

ಹಾಗೆಂದು ಭೂತಕಾಲದಲ್ಲಿ ಕತೆ ಹೇಳುವುದು ಅಪರಾಧವೇನಲ್ಲ. ಕಾದಂಬರಿಗಳೇ ಹೆಚ್ಚಾಗಿ ಭೂತಕಾಲದಲ್ಲಿವೆ. ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಬರೆಯುವ ಹುಡುಗ ಜಾರುವುದಕ್ಕೆ ಅದೂ ಒಂದು ಕಾರಣ. ಲೇಖಕನ ವಾಕ್ಯದೊಂದಿಗೆ ಅವನ ಕ್ರಿಯಾಪದವೂ ಕೈಗೆ ಅಂಟಿಕೊಂಡು ಬರುತ್ತದೆ. ಪುಸ್ತಕ ಮುಚ್ಚಿ, ಸಿನಿಮಾ ನೋಡಿ ಬಂದು ಗೆಳೆಯನಿಗೆ ಹೇಳುವಂತೆ ಬಾಯಲ್ಲಿ ಒಮ್ಮೆ ಹೇಳಿ, ಅದನ್ನೇ ಗ್ರಂಥಭಾಷೆಗೆ ತಿರುಗಿಸಿದರೆ ಕಾಲ ತಾನಾಗಿ ನಿಲ್ಲುತ್ತದೆ. ಆ ಸಂಜೆ ಮೂವರೂ ಹಾಗೆಯೇ ಮಾಡಿದರು. ಕೊನೆಗೆ ಉಳಿದ ಪಾಠ ಇದು:

"ರಾಮಾಚಾರಿ ಮುಂಗೋಪಿ. ನಕಲು ಮಾಡುವಾಗ ಹಿಡಿದು ಅವಮಾನಿಸಿದ ಪ್ರಿನ್ಸಿಪಾಲರನ್ನು ಅವನು ರಾತ್ರಿ ಕಂಬಕ್ಕೆ ಕಟ್ಟಿಬಿಡುತ್ತಾನೆ. ಚಾಮಯ್ಯ ಮೇಷ್ಟರು ಅವನಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿದ್ದಾರೆ. ಅವರ ಮಾತನ್ನು ಮಾತ್ರ ಅವನು ಮೀರುವುದಿಲ್ಲ. ಅವನು ಅಲಮೇಲುವನ್ನು ಪ್ರೀತಿಸುತ್ತಾನೆ. ಜಾತಿ ಬೇರೆಯೆಂದು ಮೇಷ್ಟರು ಒಪ್ಪುವುದಿಲ್ಲ. ಅವನು ಅವಳನ್ನು ಬಿಟ್ಟುಕೊಡುತ್ತಾನೆ. ಮುಂದೆ ಮಾರ್ಗರೆಟ್ಟಳನ್ನು ಮದುವೆಯಾಗಬೇಕೆಂದಾಗಲೂ ಮೇಷ್ಟರು ತಡೆಯುತ್ತಾರೆ. ಬೆಟ್ಟದ ಮೇಲಿನ ವಾಗ್ವಾದದಲ್ಲಿ ಅವನ ಕೈತಪ್ಪಿನಿಂದ ಮೇಷ್ಟರು ಬಂಡೆಯಿಂದ ಕೆಳಗೆ ಬೀಳುತ್ತಾರೆ. ಅದೇ ಬಂಡೆಯಿಂದ ರಾಮಾಚಾರಿಯೂ ಮಾರ್ಗರೆಟ್ಟಳೂ ಧುಮುಕುತ್ತಾರೆ."

ಹಿರಿಯೂರಿನ ಹುಡುಗ ಇದರ ಕೆಳಗೆ 'ಹೀಗೆ ಅವರು ಸತ್ತರು' ಎಂದು ಇನ್ನೊಂದು ವಾಕ್ಯ ಬರೆಯಹೊರಟಿದ್ದ. ಸಾರಾಂಶದ ಕೊನೆಯ ವಾಕ್ಯದಲ್ಲಿ ಅಜ್ಜಿಯ ಪದ್ಧತಿ ಹೀಗೆ ಮೆಲ್ಲನೆ ಬಂದು ಕುಳಿತುಕೊಳ್ಳುತ್ತದೆ. ಕತೆ ಮುಗಿಯಿತಲ್ಲ, ಇನ್ನು ಬಾಗಿಲು ಹಾಕೋಣ ಎಂದು. ಹೊಸದುರ್ಗದ ಹುಡುಗಿ ಅವನ ಲೇಖನಿ ಕಸಿದುಕೊಂಡು 'ಧುಮುಕುತ್ತಾರೆ' ಎಂಬಲ್ಲಿಗೇ ಚುಕ್ಕೆ ಇಟ್ಟಳು.