ಏಳು ಕಥೆ, ಒಂದೇ ಅಚ್ಚು

ಕಥಾಸ್ಪರ್ಧೆ ಅಂದ ಕೂಡಲೇ ನಮಗೆ ನೆನಪಾಗುವುದು ತೀರ್ಪುಗಾರರು ಮತ್ತು ಬಹುಮಾನ. ಅದಕ್ಕೂ ಮೊದಲು ಬಂದ ಕಥೆಗಳನ್ನು ಒಬ್ಬರು ಕೂತು ಸೋಸಬೇಕಾಗುತ್ತದೆ. ಕಳೆದ ಬಾರಿ ನಮ್ಮ ಊರಿನ ಕಡೆಯ ಒಂದು ಸಂಘ ಬ್ಯಾರಿ ಮತ್ತು ಕನ್ನಡ ಎರಡರಲ್ಲೂ ಕಥೆ ಕರೆದಾಗ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು, ಕೆಲಸ ತಮಿಳುನಾಡಿನ ಮೆಟ್ಟೂರಿನಲ್ಲಿ. ಸಾಹಿತ್ಯ ಬಲ್ಲವನು ಅಂತ ಯಾರೂ ನನ್ನನ್ನು ಆರಿಸಲಿಲ್ಲ. ಬಂದ ಮಾಲು ತಪಾಸಣೆ ಮಾಡಿ ಅಭ್ಯಾಸ ಇದೆ, ರಾತ್ರಿ ಪುರುಸೊತ್ತೂ ಇದೆ ಅಂತ ಕೊಟ್ಟರು.

ವಿಷಯ ‘ಊರು ಬಿಟ್ಟವರು’. ಒಟ್ಟು ಎಂಬತ್ತಮೂರು ಕಥೆಗಳು ವಾಟ್ಸ್ಆ್ಯಪ್‌ನಲ್ಲಿ ಬಂದವು. ಸಾಮಾನ್ಯವಾಗಿ ಕಥೆಗಳಿಂದ ಹೆಸರು ತೆಗೆದು, ನಂಬರು ಹಾಕಿ, ಮೂವರು ತೀರ್ಪುಗಾರರಿಗೆ ಹಂಚಿಬಿಡುತ್ತಾರೆ. ಪಕ್ಷಪಾತ ಆಗಬಾರದು ಎಂಬ ಕಾರಣಕ್ಕೆ ಅದು ಸರಿಯಾದ ಕ್ರಮವೇ. ಆದರೆ ಹಾಗೆ ಹಂಚಿದ ಮೇಲೆ ಒಂದೇ ಕೈಯಿಂದ ಬಂದ ಏಳು ಕಥೆಗಳು ಮೂರು ಕಡೆ ಚದುರಿಹೋಗುತ್ತವೆ. ಒಂದೊಂದನ್ನೇ ಓದಿದವರಿಗೆ ಅದು ಸಾಧಾರಣ ಕಥೆ, ಅಷ್ಟೇ. ಪಕ್ಕಪಕ್ಕ ಇಟ್ಟಾಗ ಮಾತ್ರ ಅಚ್ಚು ಕಾಣುತ್ತದೆ. ಅದಕ್ಕೇ ಹೆಸರು ತೆಗೆಯುವ ಮುಂಚೆ ಕಳಿಸಿದವರ ನಂಬರಿನ ಪ್ರಕಾರ ಒಮ್ಮೆ ಜೋಡಿಸಿ ನೋಡಬೇಕು. ಆ ಪಟ್ಟಿ ಸೋಸುವವನ ಹತ್ತಿರವೇ ಉಳಿಯಬೇಕು, ತೀರ್ಪುಗಾರರಿಗೆ ಹೋಗಬಾರದು.

ಹಾಗೆ ಜೋಡಿಸಿದಾಗ ಎರಡು ಫೋನ್ ನಂಬರು ಎದ್ದು ಕಂಡವು. ಒಂದರಿಂದ ಏಳು ಕಥೆ, ಇನ್ನೊಂದರಿಂದ ಐದು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತಳ್ಳಿಬಿಡುವುದು ಸುಲಭವಿತ್ತು. ನಾನು ಪ್ರತಿ ಕಥೆಗೂ ಒಂದು ಸಾಲು ಹಾಕಿ ಪಟ್ಟಿ ಮಾಡಿದೆ: ಬಂದ ಸಮಯ, ಉದ್ದ, ಮೊದಲ ವಾಕ್ಯ, ಮುಖ್ಯ ಪಾತ್ರದ ಕೆಲಸ, ಕಥೆ ತಿರುಗುವ ಜಾಗ, ಕೊನೆಯ ವಾಕ್ಯ.

ಮೊದಲ ನಂಬರಿನ ಏಳೂ ಕಥೆಗಳು ಕೊನೆಯ ದಿನ ರಾತ್ರಿ ನಲವತ್ತು ನಿಮಿಷದೊಳಗೆ ಬಂದಿದ್ದವು. ಇದೊಂದೇ ಆಗಿದ್ದರೆ ಏನೂ ಅಲ್ಲ, ಕೊನೆಯ ದಿನ ಕಳಿಸುವವರೇ ಜಾಸ್ತಿ. ಉದ್ದವೂ ಎಲ್ಲದರದ್ದೂ ಹೆಚ್ಚುಕಮ್ಮಿ ಒಂದೇ. ಏಳರಲ್ಲಿ ಆರು ಮಂಜಿನಿಂದಲೋ ತುಂತುರು ಮಳೆಯಿಂದಲೋ ಶುರು. ಅರ್ಧ ದಾಟಿದ ಮೇಲೆ ಹಳೇ ಪೆಟ್ಟಿಗೆಯಲ್ಲಿ ಒಂದು ವಸ್ತು ಸಿಗುತ್ತದೆ. ಒಂದರಲ್ಲಿ ಕೈಗಡಿಯಾರ, ಒಂದರಲ್ಲಿ ಪತ್ರ, ಒಂದರಲ್ಲಿ ಕೊಡೆ. ಕೊನೆಯಲ್ಲಿ ಊರು ಅನ್ನುವುದು ಜಾಗವಲ್ಲ, ಮನಸ್ಸು ಎಂಬ ಅರ್ಥದ ಒಂದು ಮಾತು.

ಇಲ್ಲಿ ಒಂದು ಎಚ್ಚರ ಬೇಕು. ಸ್ಪರ್ಧೆಯ ವಿಷಯವೇ ಕೆಲವು ಸಾಮ್ಯಗಳನ್ನು ತರುತ್ತದೆ. ಊರು ಬಿಟ್ಟವರ ಕಥೆ ಅಂದಮೇಲೆ ಗಲ್ಫು, ವಿಮಾನ ನಿಲ್ದಾಣ, ಕಾಯುವ ಉಮ್ಮ ಎಲ್ಲರ ಕಥೆಯಲ್ಲೂ ಇದ್ದರು. ಅದನ್ನು ಲೆಕ್ಕದಿಂದ ಕಳೆಯಬೇಕು. ಕಳೆದ ಮೇಲೂ ಉಳಿಯುವ ಹೋಲಿಕೆ ಯಾವುದು ಎಂಬುದೇ ಪ್ರಶ್ನೆ. ಪೆಟ್ಟಿಗೆಯಲ್ಲಿ ವಸ್ತು ಸಿಗುವ ಕಥೆ ಉಳಿದ ಎಪ್ಪತ್ತಾರರಲ್ಲಿ ಎರಡೇ ಇದ್ದವು.

ನಮ್ಮ ಕಾರ್ಖಾನೆಯಲ್ಲಿ ಒಂದು ಅಳತೆಯ ನಟ್ಟು ಆ ಅಳತೆಯ ಯಾವ ಬೋಲ್ಟಿಗೂ ಕೂರಬೇಕು. ಅದು ಒಳ್ಳೆಯ ಮಾಲಿನ ಗುಣ. ಕಥೆಯಲ್ಲಿ ಅದೇ ಕೆಟ್ಟ ಗುರುತು. ಹಾಗಾಗಿ ನಾನು ಬಿಡಿಭಾಗ ಬದಲಿಸಿ ನೋಡಿದೆ. ಆ ಏಳರಲ್ಲಿ ಒಂದು ಕಥೆ ಪಾಲಮಲೆಯಲ್ಲಿ ನಡೆಯುತ್ತಿತ್ತು, ಇನ್ನೊಂದು ಉಳ್ಳಾಲದಲ್ಲಿ. ಎರಡರ ಊರಿನ ಹೆಸರು, ಪಾತ್ರದ ಹೆಸರು ಅದಲು ಬದಲು ಮಾಡಿದೆ. ಎಲ್ಲೂ ತಡೆಯಲಿಲ್ಲ!

ಪಾಲಮಲೆ ನಾನು ದಿನಾ ನೋಡುವ ಬೆಟ್ಟ. 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು ನಿಂತಿರುವುದೇ ಪಾಲಮಲೆಗೂ ಸೀತಾಮಲೆಗೂ ನಡುವಿನ ಕಣಿವೆಯಲ್ಲಿ. ಅಲ್ಲಿ ಹುಟ್ಟಿ ಬೆಳೆದವನು ಊರನ್ನು ನೆನೆದರೆ ಕಾವೇರಿ ಬರಬೇಕು, ಅಣೆಕಟ್ಟಿನ ನೀರು ಬರಬೇಕು. ನೀರು ತುಂಬ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಹತ್ತಿರ ಮುಳುಗಿದ್ದ ನಂದಿ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಇವೆಲ್ಲ ಇರಲೇಬೇಕು ಅಂತಲ್ಲ, ಆದರೆ ಬೇರೆಲ್ಲೂ ನಡೆಯಲಾಗದ ಒಂದಾದರೂ ವಿಷಯ ಬೇಕು. ಆ ಕಥೆಯಲ್ಲಿ ಇದ್ದದ್ದು ‘ಹಸಿರು ಬೆಟ್ಟ’, ‘ಹಳೆಯ ಮರ’, ‘ಕಿರಿದಾದ ದಾರಿ’.

ಇನ್ನು ಐದು ಕಥೆ ಕಳಿಸಿದ ನಂಬರು. ಇವು ಮೂರು ವಾರದಲ್ಲಿ ಬಿಟ್ಟು ಬಿಟ್ಟು ಬಂದಿದ್ದವು. ಒಂದು ಒಂದೂವರೆ ಪುಟ, ಇನ್ನೊಂದು ಹನ್ನೊಂದು ಪುಟ. ನಾಲ್ಕು ಬ್ಯಾರಿಯಲ್ಲಿ, ಒಂದು ಕನ್ನಡದಲ್ಲಿ. ಬ್ಯಾರಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಒಬ್ಬರಿಗೆ ‘ಉಮ್ಮ’, ಇನ್ನೊಬ್ಬರಿಗೆ ‘ಉಮ್ಮಾ’. ಕೆಲವರಿಗೆ ಫಾತಿಮ, ಕೆಲವರಿಗೆ ಪಾತಿಮ. ಸೋಸುವವನಿಗೆ ಇದು ಕೈಬರಹದ ಹಾಗೆ ಉಪಯೋಗಕ್ಕೆ ಬರುತ್ತದೆ. ಆ ನಾಲ್ಕು ಬ್ಯಾರಿ ಕಥೆಗಳಲ್ಲಿ ಮೂರರ ಕಾಗುಣಿತ ಒಂದೇ, ನಾಲ್ಕನೆಯದು ಬೇರೆ.

ಹಾಗಾದರೆ ಆ ಮೂರು ಒಬ್ಬರದ್ದೇ? ಅಷ್ಟು ಬೇಗ ಹೇಳಲಾಗದು. ಕಾಗುಣಿತ ಹೇಳುವುದು ಟೈಪ್ ಮಾಡಿದವರು ಯಾರು ಎಂಬುದನ್ನು, ಕಥೆ ಯಾರದು ಎಂಬುದನ್ನಲ್ಲ. ಕಥೆಯ ಒಳಗೆ ನೋಡಿದರೆ ಒಂದರಲ್ಲಿ ಬೀಡಿ ಕಟ್ಟುವ ಹೆಂಗಸು ಎಲೆ ಕತ್ತರಿಸುವ ಕ್ರಮ ಇತ್ತು. ಇನ್ನೊಂದರಲ್ಲಿ ಮೀನಿನ ಲಾರಿಯ ಕ್ಲೀನರ್‌ನ ರಾತ್ರಿ. ಮತ್ತೊಂದರಲ್ಲಿ ಮದ್ರಸದಿಂದ ಬರುವ ಹುಡುಗಿ. ಒಂದರ ಭಾಗ ಕಿತ್ತು ಇನ್ನೊಂದಕ್ಕೆ ಹಾಕಲು ಸಾಧ್ಯವೇ ಇರಲಿಲ್ಲ.

ಎರಡೂ ನಂಬರಿಗೆ ಫೋನ್ ಮಾಡಿದೆ. ಆರೋಪದ ಮಾತು ಆಡಲಿಲ್ಲ. ಒಬ್ಬರಿಗೆ ಒಂದೇ ಕಥೆ ಅಂತ ನಿಯಮ ಇದೆ, ಯಾವುದನ್ನು ಇಟ್ಟುಕೊಳ್ಳಲಿ ಅಂತಷ್ಟೇ ಕೇಳಿದೆ. ಏಳು ಕಳಿಸಿದ ಯುವಕ “ಯಾವುದಕ್ಕೆ ಚಾನ್ಸ್ ಜಾಸ್ತಿ ಅಣ್ಣಾ, ಅದನ್ನೇ ಇಡಿ” ಅಂದ. ಪಾಲಮಲೆ ಕಥೆಯ ನಾಯಕ ಯಾಕೆ ಊರು ಬಿಟ್ಟ ಅಂತ ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಏಳನ್ನೂ ಅವನೇ ಹಿಂದಕ್ಕೆ ತಗೊಂಡ. ಇನ್ನೊಂದು ನಂಬರು ಒಂದು ಜಿನಸಿ ಅಂಗಡಿಯದು. ಫೋನ್ ಎತ್ತಿದ ಕಾಕ “ಅದು ನನ್ನದಲ್ಲ ಮೋನೆ, ಆಚೀಚೆ ಮನೆಯ ಹೆಂಗಸರು ಬರೆದದ್ದು. ಟೈಪ್ ಮಾಡಿದ್ದು ನನ್ನ ಮಗಳು” ಅಂದರು. ಐವರ ಜೊತೆಗೂ ಮಾತಾಡಿದೆ. ಬೀಡಿಯ ಕಥೆ ಬರೆದವರು ನಾನು ಕೇಳದೇ ಕಥೆಯಲ್ಲಿಲ್ಲದ ಇನ್ನೂ ನಾಲ್ಕು ವಿಷಯ ಹೇಳಿದರು. ಐದೂ ತೀರ್ಪುಗಾರರಿಗೆ ಹೋದವು.

ಈ ತೊಂದರೆ ನಮಗೆ ಮಾತ್ರ ಬಂದದ್ದಲ್ಲ. ಅಮೆರಿಕದ ‘ಕ್ಲಾರ್ಕ್ಸ್‌ವರ್ಲ್ಡ್’ ಎಂಬ ವೈಜ್ಞಾನಿಕ ಕಥೆಗಳ ಪತ್ರಿಕೆಗೆ 2023ರ ಫೆಬ್ರವರಿಯಲ್ಲಿ ಯಂತ್ರದಿಂದ ಬರೆಸಿದ ಕಥೆಗಳು ನೂರಾರು ಬಂದು, ಸಂಪಾದಕ ನೀಲ್ ಕ್ಲಾರ್ಕ್ ಸ್ವಲ್ಪ ದಿನ ಕಥೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಬೇರೆ ಬೇರೆ ಹೆಸರಿನವರಿಂದ ‘ದಿ ಲಾಸ್ಟ್ ಹೋಪ್’ ಎಂಬ ಒಂದೇ ತಲೆಬರಹದ ಕಥೆಗಳು ಮತ್ತೆ ಮತ್ತೆ ಬಂದಿದ್ದವು. ಶುಲ್ಕ ಇಟ್ಟರೆ ಇದು ನಿಲ್ಲಬಹುದು, ಆದರೆ ದುಡ್ಡಿಲ್ಲದ ನಿಜವಾದ ಬರಹಗಾರರೂ ಹೊರಗುಳಿಯುತ್ತಾರೆ ಅಂತ ಆ ದಾರಿ ಅವರಿಗೆ ಬೇಡವಾಯಿತು. ನಾವು ‘ಒಂದು ನಂಬರಿಗೆ ಒಂದೇ ಕಥೆ’ ಅಂತ ನಿಯಮ ಮಾಡಿದ್ದರೂ ಹಾಗೇ ಆಗುತ್ತಿತ್ತು. ಅಂಗಡಿಯ ಫೋನ್ ನಂಬಿದ ನಾಲ್ವರು ಹೊರಗೆ ಉಳಿಯುತ್ತಿದ್ದರು.

ಈ ಕ್ರಮಕ್ಕೆ ಮಿತಿಯೂ ಇದೆ. ಯಾರಾದರೂ ಅಚ್ಚಿನ ಒಂದೇ ಕಥೆ ಕಳಿಸಿದರೆ ಪಕ್ಕದಲ್ಲಿಟ್ಟು ನೋಡಲು ಬೇರೇನೂ ಇರುವುದಿಲ್ಲ. ಆಗ ಸಂಶಯದ ಮೇಲೆ ತೆಗೆದುಹಾಕುವ ಹಕ್ಕು ಸೋಸುವವನಿಗಿಲ್ಲ. ಅದನ್ನು ತೀರ್ಪುಗಾರರಿಗೆ ಕಳಿಸಬೇಕು. ಸಪ್ಪೆ ಕಥೆಯಾದರೆ ಅಂಕ ಕಡಿಮೆ ಬರುತ್ತದೆ.

ಈ ಸಲದ ಅರ್ಜಿಯಲ್ಲಿ ಎರಡು ಸಾಲು ಸೇರಿಸಿದ್ದೇವೆ: ಬರೆದವರು ಯಾರು, ಟೈಪ್ ಮಾಡಿದವರು ಯಾರು. ನಿಮ್ಮ ಮನೆಯ ಫೋನಿನಿಂದ ಉಮ್ಮನ ಕಥೆ, ತಂಗಿಯ ಕಥೆ ಕಳಿಸುವುದಾದರೆ ಧಾರಾಳವಾಗಿ ಕಳಿಸಿ. ಆ ಎರಡು ಸಾಲು ಮಾತ್ರ ಖಾಲಿ ಬಿಡಬೇಡಿ.